ಲಸಿಕೆ ಹಾಕಿಸಿದ ಜಾಗದಲ್ಲಿ ಗಟ್ಟಿ ಗಂಟು: ಯಾವಾಗ ಸುಮ್ಮನಿರಬೇಕು, ಯಾವಾಗ ವರದಿ ಮಾಡಬೇಕು?

ಮಗುವಿಗೆ ಲಸಿಕೆ ಹಾಕಿಸಿ ಬಂದ ಎರಡು ದಿನಕ್ಕೆ ತೊಡೆಯ ಮೇಲೆ ಗಟ್ಟಿಯಾದ ಗಂಟೊಂದು ಕೈಗೆ ಸಿಗುತ್ತದೆ. ಯಾರೋ ಅದರ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಉತ್ತರಗಳು ಬರುತ್ತವೆ. ಒಬ್ಬರು ‘ಲಸಿಕೆ ಕೆಟ್ಟಿದೆ, ಮುಂದಿನದು ಹಾಕಿಸಬೇಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಗಂಟು ಬಂದರೇನೇ ಲಸಿಕೆ ಹಿಡಿದ ಹಾಗೆ’ ಎನ್ನುತ್ತಾರೆ. ಮೂರನೆಯವರು ಬಿಸಿ ಶಾಖ ಕೊಡಲು ಹೇಳುತ್ತಾರೆ. ಈ ಮೂರೂ ಸಲಹೆಗಳು ತಪ್ಪು. ಏಕೆ ಎಂಬುದನ್ನು ಇಲ್ಲಿ ನೋಡೋಣ. ಜೊತೆಗೆ, ಗಂಟು ನಿಜವಾಗಿಯೂ ತೊಂದರೆಯದ್ದಾಗಿದ್ದರೆ ಆ ಫೋಟೋ ವಾಟ್ಸಾಪ್ ಗುಂಪಿಗೆ ಹೋಗುವ ಬದಲು ಎಲ್ಲಿಗೆ ಹೋಗಬೇಕು ಎಂಬುದನ್ನೂ ತಿಳಿದುಕೊಳ್ಳೋಣ.

ಒಂದು ಮನೆಯ ಉದಾಹರಣೆ

ವಿಷಯ ಸುಲಭವಾಗಲಿ ಎಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮನೆ ಬೆಂಗಳೂರಿನ ವಿಶ್ವೇಶ್ವರಪುರಂನಲ್ಲಿ, ಸಜ್ಜನ್ ರಾವ್ ವೃತ್ತದ ಆಚೀಚೆ. ಮಗುವಿಗೆ ಆರು ವಾರ ತುಂಬಿದೆ. ಗುರುವಾರ ಬೆಳಿಗ್ಗೆ ತಾಯಿ, ಅಜ್ಜಿ ಇಬ್ಬರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿ ಬಂದಿದ್ದಾರೆ. ಸಂಜೆ ಮಗುವಿಗೆ ಮೈ ಬಿಸಿ, ಎಡ ತೊಡೆ ಕೆಂಪು. ಶನಿವಾರ ಕೆಂಪು ಇಳಿದಿದೆ, ಆದರೆ ಚರ್ಮದ ಕೆಳಗೆ ಗೋಲಿಯಷ್ಟು ದಪ್ಪದ ಗಂಟು ಸಿಗುತ್ತಿದೆ. ‘ಗಂಟು ಕರಗೋ ಹಾಗೆ ಸ್ವಲ್ಪ ಹರಳೆಣ್ಣೆ ಹಚ್ಚಿ ತೀಡಮ್ಮ’ ಎಂದು ಅಜ್ಜಿ ಹೇಳುತ್ತಿದ್ದಾರೆ.

ಎಡ ತೊಡೆ ಎಂಬ ವಿವರ ಇಲ್ಲಿ ಮುಖ್ಯ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಯಾವ ಲಸಿಕೆ ದೇಹದ ಯಾವ ಭಾಗಕ್ಕೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆ ಎಡ ತೊಡೆಯ ಮುಂಭಾಗದ ಹೊರಮಗ್ಗುಲಿಗೆ ಬೀಳುತ್ತದೆ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಬಲ ತೊಡೆಗೆ. ಹೀಗೆ ಮಾಡುವುದಕ್ಕೆ ಒಂದು ಕಾರಣವೆಂದರೆ, ಯಾವುದಾದರೂ ಜಾಗದಲ್ಲಿ ಊತ ಬಂದಾಗ ಅದು ಯಾವ ಲಸಿಕೆಯದು ಎಂದು ಆಮೇಲೆ ಗೊತ್ತಾಗಬೇಕು. ಆದ್ದರಿಂದ ನಮ್ಮ ಉದಾಹರಣೆಯ ಮಗುವಿನ ಗಂಟು ಪೆಂಟಾ ಚುಚ್ಚಿದ ಜಾಗದ್ದು.

ಗಂಟು ಏಕೆ ಬರುತ್ತದೆ?

ಪೆಂಟಾ ಲಸಿಕೆಯಲ್ಲಿ ಐದು ರೋಗಗಳಿಗೆ ಸಂಬಂಧಿಸಿದ ಅಂಶಗಳಿವೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಇದರಲ್ಲಿ ಗಂಟು ಬರಿಸಲು ಎರಡು ಅಂಶಗಳು ಹೆಚ್ಚಾಗಿ ಕಾರಣ.

ಮೊದಲನೆಯದು ನಾಯಿಕೆಮ್ಮಿನ ಭಾಗ. ಸರ್ಕಾರಿ ಕಾರ್ಯಕ್ರಮದ ಲಸಿಕೆಯಲ್ಲಿ ಕೊಂದ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸುತ್ತಾರೆ. ದೇಹದ ರಕ್ಷಣಾ ಕೋಶಗಳು ಇದನ್ನು ಕಂಡ ಕೂಡಲೇ ಜೋರಾಗಿ ಪ್ರತಿಕ್ರಿಯಿಸುತ್ತವೆ. ಎರಡನೆಯದು ಅಲ್ಯೂಮಿನಿಯಂ ಲವಣ. ಇದು ಲಸಿಕೆಯ ಅಂಶಗಳು ಒಮ್ಮೆಲೇ ಹರಡಿ ಹೋಗದಂತೆ ಹಿಡಿದಿಟ್ಟುಕೊಂಡು, ರಕ್ಷಣಾ ಕೋಶಗಳನ್ನು ಅಲ್ಲಿಗೆ ಕರೆಸುತ್ತದೆ. ಹಾಗೆ ಬಂದು ಸೇರಿದ ಕೋಶಗಳ ಗುಂಪೇ ನಮ್ಮ ಬೆರಳಿಗೆ ಗಂಟಾಗಿ ಸಿಗುವುದು. ಅದರೊಳಗೆ ಕೀವಿಲ್ಲ, ಉಳಿದುಹೋದ ‘ವಿಷ’ವೂ ಇಲ್ಲ.

ಸೂಜಿ ಸ್ನಾಯುವಿನವರೆಗೆ ಹೋಗದೆ ಮೇಲಿನ ಕೊಬ್ಬಿನ ಪದರದಲ್ಲೇ ಔಷಧ ಉಳಿದರೆ ಗಂಟು ಬರುವ ಸಾಧ್ಯತೆ ಹೆಚ್ಚು, ಅದು ಕರಗುವುದೂ ನಿಧಾನ. ಅದಕ್ಕೇ ಈ ಲಸಿಕೆಯನ್ನು ಸೂಜಿ ನೇರವಾಗಿ ಹಿಡಿದು, ಆಳಕ್ಕೆ ಚುಚ್ಚುವುದು. ನೋಡುವವರಿಗೆ ‘ಅಷ್ಟು ಚಿಕ್ಕ ಮಗುವಿಗೆ ಅಷ್ಟು ಉದ್ದದ ಸೂಜಿಯೇ’ ಅನ್ನಿಸಬಹುದು, ಆದರೆ ಗಂಟು ಕಡಿಮೆಯಾಗುವುದು ಅದರಿಂದಲೇ.

ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾ ಇರುವ ಲಸಿಕೆಗಳಲ್ಲಿ ನೋವು, ಕೆಂಪು ಅಥವಾ ಊತ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಕಾಣಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇದು ಅಪರೂಪವಲ್ಲ. ಉಳಿದರ್ಧ ಮಕ್ಕಳಲ್ಲಿ ಏನೂ ಕಾಣುವುದಿಲ್ಲ, ಅವರಲ್ಲೂ ಲಸಿಕೆ ಕೆಲಸ ಮಾಡುತ್ತದೆ. ಹಾಗಾಗಿ ‘ಗಂಟು ಬಂದರೇನೇ ಲಸಿಕೆ ಹಿಡಿದದ್ದು’ ಎಂಬ ಮಾತಿಗೆ ಆಧಾರವಿಲ್ಲ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಮೊದಲ ಒಂದೆರಡು ದಿನ ಶುಚಿಯಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಊದಿದ ಜಾಗದ ಮೇಲೆ ಕೆಲವು ನಿಮಿಷ ಇಡಬಹುದು. ಜ್ವರ ಅಥವಾ ನೋವಿದ್ದರೆ ಆರೋಗ್ಯ ಕೇಂದ್ರದಲ್ಲಿ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ. ಅದರ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುತ್ತದೆ. ಡ್ರಾಪ್ಸ್ ಮತ್ತು ಸಿರಪ್‌ಗಳಲ್ಲಿ ಔಷಧದ ಸಾಂದ್ರತೆ ಬೇರೆ ಬೇರೆ ಇರುವುದರಿಂದ ಅಕ್ಕನ ಮಗುವಿಗೆ ಕೊಟ್ಟ ಲೆಕ್ಕವನ್ನು ನಿಮ್ಮ ಮಗುವಿಗೆ ಹಾಕಬೇಡಿ.

ತೀಡುವುದು, ಉಜ್ಜುವುದು, ಬಿಸಿ ಶಾಖ ಕೊಡುವುದು ಬೇಡ. ಈಗಾಗಲೇ ಉರಿಯೂತ ಇರುವ ಜಾಗವನ್ನು ಒತ್ತಿ ತಿಕ್ಕಿದರೆ ನೋವು ಮತ್ತು ಊತ ಹೆಚ್ಚುತ್ತವೆ. ಆರು ವಾರದ ಕೂಸಿನ ಚರ್ಮ ಬಿಸಿ ಬಟ್ಟೆಗೆ ಸುಟ್ಟು ಬೊಬ್ಬೆ ಬರುವುದೂ ಉಂಟು. ಅರಿಶಿನ, ಸುಣ್ಣ, ಸೊಪ್ಪಿನ ರಸದ ಪಟ್ಟು ಹಾಕಿದರೆ ಎರಡು ತೊಂದರೆ: ಸೂಜಿ ಹೋದ ಸಣ್ಣ ತೂತಿನಿಂದ ಸೋಂಕು ಒಳಗೆ ಹೋಗಬಹುದು. ಜೊತೆಗೆ ಚರ್ಮದ ಬಣ್ಣ ಮರೆಯಾಗಿ, ಕೆಂಪು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ವೈದ್ಯರಿಗೆ ತಿಳಿಯುವುದಿಲ್ಲ. ಅಜ್ಜಿಯ ಕಾಳಜಿ ಸರಿ, ಆದರೆ ಈ ಗಂಟಿಗೆ ಮದ್ದೆಂದರೆ ಅದನ್ನು ಮುಟ್ಟದೆ ಬಿಡುವುದು.

ಒಳ್ಳೆಯ ಗಂಟು, ಕೆಟ್ಟ ಗಂಟು: ವ್ಯತ್ಯಾಸ ಗುರುತಿಸುವುದು ಹೇಗೆ?

ಗಂಟಿನ ಗಾತ್ರಕ್ಕಿಂತ ಅದು ಸಾಗುತ್ತಿರುವ ದಿಕ್ಕು ಮುಖ್ಯ. ಸಾಮಾನ್ಯ ಪ್ರತಿಕ್ರಿಯೆಯಲ್ಲಿ ಕೆಂಪು, ನೋವು, ಬಿಸಿ ಮೊದಲ ದಿನ ಅಥವಾ ಎರಡನೆಯ ದಿನ ಹೆಚ್ಚಿದ್ದು, ಮೂರನೆಯ ದಿನದ ಹೊತ್ತಿಗೆ ಇಳಿಯತೊಡಗುತ್ತವೆ. ಕೊನೆಗೆ ಉಳಿಯುವುದು ನೋವಿಲ್ಲದ, ಗಟ್ಟಿಯಾದ, ಚರ್ಮದ ಬಣ್ಣವೇ ಇರುವ ಗಂಟು. ಅದು ಬಟಾಣಿಯಷ್ಟಾಗಿ, ಕಡಲೆಯಷ್ಟಾಗಿ, ಕೆಲವು ವಾರಗಳಲ್ಲಿ ಕರಗುತ್ತದೆ. ಕೆಲವು ಮಕ್ಕಳಲ್ಲಿ ಒಂದೆರಡು ತಿಂಗಳು ಉಳಿಯುವುದೂ ಇದೆ. ಮಗು ಹಾಲು ಕುಡಿಯುತ್ತ, ಕಾಲು ಆಡಿಸುತ್ತ ಇದ್ದರೆ ಇದಕ್ಕೆ ಚಿಕಿತ್ಸೆ ಬೇಡ.

ಕೀವು ತುಂಬಿದ ಬಾವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗುತ್ತದೆ. ಇಳಿದಿದ್ದ ಕೆಂಪು ನಾಲ್ಕೈದು ದಿನದ ನಂತರ ಮತ್ತೆ ಏರುತ್ತದೆ. ಜಾಗ ಬಿಸಿಯಾಗುತ್ತದೆ. ಗಟ್ಟಿಯಿದ್ದದ್ದು ಮಧ್ಯದಲ್ಲಿ ಮೆತ್ತಗಾಗುತ್ತದೆ, ಒತ್ತಿದರೆ ಒಳಗೆ ನೀರಿದ್ದಂತೆ ಅಲುಗುತ್ತದೆ. ಮಗು ಆ ಕಾಲು ಮುಟ್ಟಿದರೆ ಚೀರುತ್ತದೆ, ಹೊಸದಾಗಿ ಜ್ವರ ಬರುತ್ತದೆ, ಕೆಲವೊಮ್ಮೆ ಕೀವು ಹೊರಬರುತ್ತದೆ. ಇನ್ನೊಂದು ಬಗೆಯ ಬಾವೂ ಇದೆ. ಮೆತ್ತಗೆ, ದ್ರವ ತುಂಬಿದಂತೆ ಇದ್ದರೂ ಬ್ಯಾಕ್ಟೀರಿಯಾ ಇರುವುದಿಲ್ಲ, ಜ್ವರವೂ ಇರುವುದಿಲ್ಲ. ಯಾವುದು ಯಾವ ಬಗೆಯದು ಎಂದು ವೈದ್ಯರೇ ಹೇಳಬೇಕು. ಮನೆಯಲ್ಲಿ ಹಿಸುಕಿ ಅಥವಾ ಸೂಜಿ ಚುಚ್ಚಿ ನೋಡಬಾರದು.

ಇದಲ್ಲದೆ ಮೂರು ಸಂದರ್ಭಗಳಲ್ಲಿ ಊತವನ್ನು ‘ತೀವ್ರ’ ಎಂದು ಲೆಕ್ಕಿಸುತ್ತಾರೆ: ನೋವು, ಕೆಂಪು, ಊತ ಮೂರು ದಿನ ದಾಟಿಯೂ ಇಳಿಯದಿದ್ದರೆ, ಊತ ಹತ್ತಿರದ ಕೀಲನ್ನು, ಅಂದರೆ ತೊಡೆಯದಾದರೆ ಮಂಡಿಯನ್ನು, ದಾಟಿ ಹರಡಿದರೆ, ಅಥವಾ ಅದಕ್ಕಾಗಿ ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದರೆ. ಗಮನಿಸಿ, ಮೂರು ದಿನದ ಲೆಕ್ಕ ಕೆಂಪು ಮತ್ತು ನೋವಿರುವ ಊತಕ್ಕೆ. ನೋವಿಲ್ಲದೆ ಉಳಿದ ಸಣ್ಣ ಗಂಟಿಗೆ ಅದು ಅನ್ವಯಿಸದು.

ಬಿಸಿಜಿ ಲಸಿಕೆಯ ವಿಷಯ ಬೇರೆಯೇ. ಹುಟ್ಟಿದಾಗ ಎಡ ತೋಳಿಗೆ ಹಾಕುವ ಈ ಲಸಿಕೆಯ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು, ಒಡೆದು, ಹುಣ್ಣಾಗಿ, ಒಣಗಿ ಕಲೆ ಉಳಿಯುತ್ತದೆ. ಅದು ನಿರೀಕ್ಷಿತವೇ. ಅದಕ್ಕೆ ಮುಲಾಮು, ಪಟ್ಟಿ ಬೇಡ. ಎಡ ಕಂಕುಳಲ್ಲಿ ದೊಡ್ಡ ಗಂಟು ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ.

ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ಮುಖ ಊದುವುದು, ಉಸಿರಾಟದ ತೊಂದರೆ, ಮಗು ಬಿಳುಚಿ ಸೋತುಹೋಗುವುದು ಕಂಡರೆ ಅದು ಗಂಟಿನ ಮಾತಲ್ಲ, ತುರ್ತು ಸ್ಥಿತಿ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕಾಗಿಯೇ. ಮನೆಗೆ ಬಂದ ಮೇಲೆ ಹೀಗಾದರೆ 108ಕ್ಕೆ ಕರೆ ಮಾಡಿ.

ಒಂದು ಗಂಟನ್ನು ವರದಿ ಮಾಡಿ ಏನು ಪ್ರಯೋಜನ?

ಒಂದು ಮಗುವಿನ ಒಂದು ಗಂಟಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆದರೆ ಸರ್ಕಾರಿ ಕೇಂದ್ರಗಳಲ್ಲಿ ಬಳಸುವ ಪೆಂಟಾ ಶೀಶೆಯಲ್ಲಿ ಸಾಮಾನ್ಯವಾಗಿ ಹತ್ತು ಡೋಸ್ ಇರುತ್ತವೆ. ಅದೇ ದಿನ, ಅದೇ ಶೀಶೆಯಿಂದ ಲಸಿಕೆ ಪಡೆದ ಇನ್ನೂ ಎರಡು ಮಕ್ಕಳಿಗೆ ಬಾವು ಬಂದಿದ್ದರೆ ಅರ್ಥವೇ ಬದಲಾಗುತ್ತದೆ. ಪೆಂಟಾವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ಹೆಪ್ಪುಗಟ್ಟಿದರೆ ಅಲ್ಯೂಮಿನಿಯಂ ಲವಣ ಗರಣೆ ಕಟ್ಟುತ್ತದೆ, ಲಸಿಕೆಯ ಶಕ್ತಿ ಕುಂದುತ್ತದೆ, ಚುಚ್ಚಿದ ಜಾಗದಲ್ಲಿ ಬಾವು ಹೆಚ್ಚುತ್ತದೆ. ಶೀಶೆಯ ಮುಚ್ಚಳಕ್ಕೆ ಕೊಳೆ ತಗುಲಿದ್ದರೂ ಹೀಗಾಗಬಹುದು. ಮೂರು ಮನೆಗಳಲ್ಲಿ ಮೂರು ಅಜ್ಜಿಯರು ಪಟ್ಟು ಹಾಕಿ ಸುಮ್ಮನಾದರೆ ಈ ಕೊಂಡಿ ಯಾರಿಗೂ ಕಾಣುವುದಿಲ್ಲ. ಮೂರು ವರದಿಗಳು ಒಂದೇ ಕಚೇರಿಗೆ ಹೋದರೆ ಮಾತ್ರ ಕಾಣುತ್ತದೆ.

ಕರ್ನಾಟಕದಲ್ಲೇ ಇದರ ನೋವಿನ ಉದಾಹರಣೆಯಿದೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮೂರು ಪುಟ್ಟ ಮಕ್ಕಳು ತೀರಿಕೊಂಡರು. ಲಸಿಕೆಯನ್ನು ನಿಯಮದಂತೆ ಇಟ್ಟಿರಲಿಲ್ಲ ಎಂದು ಆರಂಭಿಕ ತನಿಖೆಯಲ್ಲಿ ಕಂಡುಬಂದು, ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ ಉಳಿದದ್ದನ್ನು ಎಸೆಯಬೇಕು. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ರಾಸಾಯನಿಕ ಇಲ್ಲ. ಪೆಂಟಾದಲ್ಲಿ ಅದು ಇರುವುದರಿಂದ ತೆರೆದ ಶೀಶೆಯನ್ನು, ತಂಪು ಮತ್ತು ಶುಚಿತ್ವದ ಷರತ್ತುಗಳೊಂದಿಗೆ, 28 ದಿನದವರೆಗೆ ಬಳಸಬಹುದು. ಲಸಿಕೆಯ ಸೂತ್ರ ಸರಿಯಿದ್ದರೂ ಕೈಬದಲಾಗುವ ದಾರಿಯಲ್ಲಿ ತಪ್ಪು ನಡೆಯಬಹುದು. ಅಂಥ ತಪ್ಪು ಹೊರಬೀಳುವುದು ಯಾರಾದರೂ ಹೇಳಿದಾಗ, ಯಾರಾದರೂ ಬರೆದುಕೊಂಡಾಗ.

ವರದಿ ಮಾಡುವುದು ಹೇಗೆ?

ಲಸಿಕೆಯ ನಂತರ ಕಾಣುವ ಯಾವುದೇ ಅನಾರೋಗ್ಯಕ್ಕೆ ಆರೋಗ್ಯ ಇಲಾಖೆಯಲ್ಲಿ ‘ಎಇಎಫ್‌ಐ’ ಎಂಬ ಹೆಸರಿದೆ. ‘ಲಸಿಕೆಯ ನಂತರದ ಅನಪೇಕ್ಷಿತ ಘಟನೆ’ ಎಂದು ಅದರ ಅರ್ಥ. ಇಲ್ಲಿ ‘ನಂತರದ’ ಎಂಬ ಪದವೇ ಮುಖ್ಯ. ಲಸಿಕೆಯಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ. ಅನುಮಾನ ಸಾಕು.

ಮೊದಲ ಬಾಗಿಲು ಲಸಿಕೆ ಹಾಕಿಸಿದ ಜಾಗವೇ. ನಮ್ಮ ಉದಾಹರಣೆಯ ಮಗುವಿಗೆ ಐದನೆಯ ದಿನ, ಮಂಗಳವಾರ, ಗಂಟು ಮತ್ತೆ ಕೆಂಪಾಗಿ ಮೆತ್ತಗಾಯಿತು ಎಂದುಕೊಳ್ಳೋಣ. ತಾಯಿ ಲಸಿಕೆ ಕಾರ್ಡ್ ತೆಗೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಅಥವಾ ಆಶಾ ಕಾರ್ಯಕರ್ತೆಗೆ ಫೋನ್ ಮಾಡಬೇಕು. ಹೇಳಬೇಕಾದ್ದು ಇಷ್ಟು: ‘ಸಿಸ್ಟರ್, ಕಳೆದ ಗುರುವಾರ ಬೆಳಿಗ್ಗೆ ಎಡ ತೊಡೆಗೆ ಪೆಂಟಾ ಮೊದಲನೇ ಡೋಸ್ ಹಾಕಿದ್ರಿ. ಶನಿವಾರ ಊತ ಇಳಿದಿತ್ತು. ನಿನ್ನೆಯಿಂದ ಮತ್ತೆ ಕೆಂಪಾಗಿದೆ, ಜ್ವರ ಇದೆ. ಡಾಕ್ಟರಿಗೆ ತೋರಿಸಿ, ಎಇಎಫ್‌ಐ ಅಂತ ಬರೆದುಕೊಳ್ಳಿ.’ ಈ ಕೊನೆಯ ಮಾತನ್ನು ಬಿಡಬೇಡಿ. ಚಿಕಿತ್ಸೆ ಕೊಡುವುದೂ ದಾಖಲಿಸುವುದೂ ಎರಡು ಬೇರೆ ಕೆಲಸಗಳು. ಬಾವಿಗೆ ಔಷಧ ಬರೆದು ಕಳಿಸಿದ ಮಾತ್ರಕ್ಕೆ ವರದಿ ಹೋಗಿದೆ ಎಂದಲ್ಲ.

ಅಲ್ಲಿಂದ ಮುಂದೆ ದಾರಿ ಹೀಗಿದೆ. ಸಾಧಾರಣ ಜ್ವರ, ಸಣ್ಣ ಊತ ಕೇಂದ್ರದ ಎಇಎಫ್‌ಐ ದಾಖಲೆಗೆ ಸೇರಿ ತಿಂಗಳ ವರದಿಯಲ್ಲಿ ಹೋಗುತ್ತದೆ. ಬಾವು, ತೀವ್ರ ಊತ, ಆಸ್ಪತ್ರೆ ಸೇರಿದ್ದು, ಒಂದೇ ಕಡೆ ಹಲವರಿಗೆ ಆದದ್ದು ಇಂಥವನ್ನು ವೈದ್ಯಾಧಿಕಾರಿ ಪ್ರಕರಣ ವರದಿಯ ನಮೂನೆಯಲ್ಲಿ ತುಂಬಿ 24 ಗಂಟೆಯೊಳಗೆ ಜಿಲ್ಲಾ ಮಟ್ಟದ ಲಸಿಕಾ ಅಧಿಕಾರಿಗೆ ಕಳಿಸಬೇಕು. ಅದು ರಾಜ್ಯಕ್ಕೆ, ರಾಷ್ಟ್ರಮಟ್ಟಕ್ಕೆ ಹೋಗುತ್ತದೆ. ಗಂಭೀರ ಪ್ರಕರಣಗಳನ್ನು ತಜ್ಞರ ಸಮಿತಿ ಪರಿಶೀಲಿಸಿ, ಇದು ಲಸಿಕೆಯ ಗುಣದಿಂದ ಆದದ್ದೇ, ತಯಾರಿಕೆಯ ದೋಷವೇ, ಕೊಡುವಾಗಿನ ತಪ್ಪೇ, ಆತಂಕದಿಂದ ಆದದ್ದೇ, ಅಥವಾ ಕಾಕತಾಳೀಯವೇ ಎಂದು ವಿಂಗಡಿಸುತ್ತದೆ. ಕೆಲವು ಪ್ರಕರಣಗಳಲ್ಲಿ ಸಾಕಷ್ಟು ಮಾಹಿತಿ ಸಿಗದೆ ಯಾವ ಗುಂಪಿಗೂ ಸೇರಿಸಲಾಗುವುದಿಲ್ಲ. ಅದಕ್ಕೇ ಬ್ಯಾಚ್ ಸಂಖ್ಯೆ, ದಿನಾಂಕ, ಲಕ್ಷಣ ಶುರುವಾದ ಹೊತ್ತು ಮುಖ್ಯ. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಶೀಶೆಯ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸುತ್ತಾರೆ. ಇಲ್ಲದಿದ್ದರೆ ಬ್ಯಾಚ್ ಸಂಖ್ಯೆ ಕೇಳಿ ಬರೆಸಿಕೊಳ್ಳಿ.

ಕೇಂದ್ರದಲ್ಲಿ ಸ್ಪಂದನೆ ಸಿಗದಿದ್ದರೆ, ಅಥವಾ ಖಾಸಗಿಯಲ್ಲಿ ಹಾಕಿಸಿದ್ದರೆ, ನೀವೇ ನೇರವಾಗಿ ವರದಿ ಮಾಡಬಹುದು. ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಅದರ ಉಚಿತ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಕಚೇರಿ ಸಮಯದಲ್ಲಿ ಸಿಗುತ್ತದೆ. ಫೋನಿನಲ್ಲಿ ADR PvPI ಎಂಬ ಆ್ಯಪ್ ಇದೆ. ಸಾರ್ವಜನಿಕರು ತುಂಬುವ ಸರಳ ನಮೂನೆ ಕನ್ನಡದಲ್ಲೂ ಇದೆ. ಮಗುವಿನ ವಯಸ್ಸು, ಲಸಿಕೆಯ ಹೆಸರು, ಹಾಕಿಸಿದ ದಿನ, ಏನಾಯಿತು, ಯಾವಾಗ ಶುರುವಾಯಿತು, ಈಗ ಹೇಗಿದೆ ಎಂಬುದನ್ನು ತುಂಬಿದರೆ ಮುಖ್ಯವಾದದ್ದು ಬಂದಂತೆ. ರಾಜ್ಯದ 104 ಆರೋಗ್ಯ ಸಹಾಯವಾಣಿಯಲ್ಲಿ ಸಲಹೆಯನ್ನೂ ಕೇಳಬಹುದು.

ಒಂದು ಮಿತಿಯನ್ನೂ ಹೇಳಬೇಕು. ವರದಿ ಮಾಡಿದ ಕೂಡಲೇ ‘ನಿಮ್ಮ ಮಗುವಿನ ಗಂಟಿಗೆ ಇದೇ ಕಾರಣ’ ಎಂಬ ಪತ್ರ ಮನೆಗೆ ಬರುವುದಿಲ್ಲ. ಇದು ದೂರು ಅಥವಾ ಪರಿಹಾರದ ಅರ್ಜಿಯೂ ಅಲ್ಲ. ಮಗುವಿಗೆ ಬೇಕಾದ ಚಿಕಿತ್ಸೆಯನ್ನು ವರದಿಗಾಗಿ ಕಾಯಿಸಬಾರದು. ಅದೇ ರೀತಿ, ಒಟ್ಟು ಇಷ್ಟು ವರದಿಗಳು ಬಂದಿವೆ ಎಂಬ ಸಂಖ್ಯೆಯನ್ನು ‘ಲಸಿಕೆಯಿಂದ ಇಷ್ಟು ಜನರಿಗೆ ತೊಂದರೆಯಾಯಿತು’ ಎಂದು ಓದಬಾರದು. ಬಹಳ ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಅನುಮಾನಗಳ ಪಟ್ಟಿಯನ್ನು ತೀರ್ಪುಗಳ ಪಟ್ಟಿ ಎಂದು ಓದುತ್ತವೆ.

ಮುಂದಿನ ಡೋಸ್?

ನಮ್ಮ ಮಗುವಿನ ಗಂಟು ಸಾಮಾನ್ಯದ್ದಾಗಿದ್ದರೆ, ಹತ್ತನೆಯ ವಾರದ ಹೊತ್ತಿಗೆ ಕಡಲೆಯಷ್ಟು ಉಳಿದಿದ್ದರೂ, ಮುಂದಿನ ಡೋಸ್ ಹಾಕಿಸಬೇಕು. ಗಂಟಿರುವ ಜಾಗ ತೋರಿಸಿದರೆ ಸಿಸ್ಟರ್ ಅದರಿಂದ ಸ್ವಲ್ಪ ದೂರ ಚುಚ್ಚುತ್ತಾರೆ. ಬಾವು ಬಂದಿದ್ದರೆ ಅದು ವಾಸಿಯಾದ ಮೇಲೆ ಯಾವಾಗ ಎಂದು ವೈದ್ಯರನ್ನು ಕೇಳಿ. ಬಾವು ಬಂದದ್ದೂ ಸಾಮಾನ್ಯವಾಗಿ ಲಸಿಕೆ ನಿಲ್ಲಿಸಲು ಕಾರಣವಾಗುವುದಿಲ್ಲ. ನಾಯಿಕೆಮ್ಮು ಅತಿ ಅಪಾಯಕಾರಿಯಾಗುವುದು ಇನ್ನೂ ಮೂರೂ ಡೋಸ್ ಮುಗಿಯದ ಎಳೆಗೂಸುಗಳಿಗೇ. ಒಂದು ಡೋಸಿಗೆ ನಿಲ್ಲಿಸಿದರೆ ಮಗುವಿಗೆ ಗಂಟಿನ ನೋವು ಸಿಕ್ಕಂತಾಯಿತು, ರಕ್ಷಣೆ ಮಾತ್ರ ಅರ್ಧಕ್ಕೇ ಉಳಿಯಿತು.

ಮುಂದಿನ ಸಲ ನಿಮ್ಮ ಗುಂಪಿಗೆ ಊದಿದ ತೊಡೆಯ ಫೋಟೋ ಬಂದರೆ ಮೂರು ಪ್ರಶ್ನೆ ಕೇಳಿ: ಎಷ್ಟನೆಯ ದಿನ? ಏರುತ್ತಿದೆಯೋ, ಇಳಿಯುತ್ತಿದೆಯೋ? ಆರೋಗ್ಯ ಕೇಂದ್ರದಲ್ಲಿ ಬರೆದುಕೊಂಡರೋ? ಆ ಫೋಟೋವನ್ನು ಇನ್ನೊಂದು ಗುಂಪಿಗೆ ಕಳಿಸುವುದಕ್ಕಿಂತ 1800-180-3024 ಸಂಖ್ಯೆಯನ್ನು ಆ ತಾಯಿಗೆ ಕಳಿಸಿ.